ಹದಿನಾಲ್ಕು ಸಲ ‘ರುಚ್ಚಿ’

ನನ್ನ ಓರಗಿತ್ತಿಗೆ ಕೋಪ ಬರುವುದಿಲ್ಲ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಬರುತ್ತದೆ, ಬಂದಾಗ ಹಿಟ್ಟು ನಾದುತ್ತಾಳೆ. ಹನ್ನೆರಡು ವರ್ಷದಿಂದ ಅವಳ ಬೇಕರಿಯ ಕೌಂಟರಿನಲ್ಲಿ ಕೂತವಳು ನಾನು. ಅಕ್ಕ ಅಂತಲೇ ಕರೆಯುತ್ತೇನೆ. ನನ್ನ ಕೋಪ ಮಾತ್ರ ನೇರ ಬಾಯಿಗೇ ಬರುತ್ತದೆ, ಏನು ಮಾಡಲಿ, ಹುಟ್ಟುಗುಣ.

ಆ ಸೋಮವಾರ ಬೆಳಿಗ್ಗೆ ಫೋನ್ ತೆರೆದರೆ, ಗಿರಾಕಿಗಳು ಅಭಿಪ್ರಾಯ ಬರೆಯುವ ಆ್ಯಪಿನಲ್ಲಿ ನಮ್ಮ ಅಂಗಡಿಗೆ ಯಾರೋ ಒಂದೇ ನಕ್ಷತ್ರ ಕೊಟ್ಟಿದ್ದರು. ಕೊಟ್ಟವನ ಹೆಸರು ‘ನೇರ ಮಾತು’. ಯಾರೋ ಏನೋ, ಮುಖವೂ ಇಲ್ಲ. ಬರೆದದ್ದು ಇಷ್ಟು: “ಈ ಬೇಕರಿಯ ಐದು ನಕ್ಷತ್ರಗಳೆಲ್ಲ ನಕಲಿ. ಹದಿನಾಲ್ಕು ಜನ ‘ತುಂಬಾ ರುಚ್ಚಿ, ಮೃದು, ಮತ್ತೆ ಬರುವೆವು’ ಅಂತ ಬರೆದಿದ್ದಾರೆ. ಹದಿನಾಲ್ಕು ಜನರಿಗೂ ರುಚಿಯಲ್ಲಿ ಒಂದೇ ಒತ್ತಕ್ಷರ ಹೆಚ್ಚಾಗುವುದು ಹೇಗೆ? ಎಚ್ಚರಿಕೆ.”

ಮೈಯೆಲ್ಲ ಉರಿದುಹೋಯಿತು. ಅದೂ ಯಾವ ವಾರ! ಪಕ್ಕದ ರಸ್ತೆಯ ಆಸ್ಪತ್ರೆಯವರು ರೋಗಿಗಳಿಗೆ ಕಡಿಮೆ ಉಪ್ಪಿನ ಬ್ರೆಡ್ಡನ್ನು ನಮ್ಮಿಂದ ತೆಗೆದುಕೊಳ್ಳಬೇಕೋ ಬೇಡವೋ ಅಂತ ಶುಕ್ರವಾರ ತೀರ್ಮಾನಿಸುವವರಿದ್ದರು. ಅವರು ಬೇಡ ಎಂದರೆ ತಿಂಗಳ ಕೊನೆಗೆ ಅಂಗಡಿ ಮುಚ್ಚುವುದೇ ಅಂತ ಅಕ್ಕ ಆಗಲೇ ನಿರ್ಧರಿಸಿದ್ದಳು. ಅವಳ ಓವನ್ನನ್ನು ಕೊಳ್ಳಲು ನೋಡಬಂದ ಇಬ್ಬರು ಅದರ ಬಾಗಿಲು ತೆರೆದು ಮುಚ್ಚಿ, ಅಳತೆ ತೆಗೆದುಕೊಂಡು ಹೋಗಿದ್ದರು. ಅವರು ಹೋದಮೇಲೆ ಅಕ್ಕ ಅದನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದಳು.

“ಅಕ್ಕಾ, ಇವನ ಜನ್ಮ ಜಾಲಾಡ್ತೀನಿ,” ಅಂದೆ. “ನಮ್ಮ ಅಂಗಡಿ ಮೆಟ್ಟಿಲು ಹತ್ತಿದ್ದಾನೋ ಇಲ್ವೋ! ಬರೀಲಾ?”

ಭಾವ, ಅಂದರೆ ಅಕ್ಕನ ಗಂಡ, ಅಷ್ಟರಲ್ಲಿ ಮನೆಮಂದಿಯ ಗುಂಪಿಗೆ ಸಂದೇಶ ಬರೆಯುತ್ತಿದ್ದರು. “ಮೂವತ್ತು ಜನ ಇದ್ದೀವಿ. ಎಲ್ರೂ ಐದೈದು ಕೊಟ್ರೆ ಇವನು ಕೆಳಗೆ ಹೋಗಿ ಬೀಳ್ತಾನೆ.”

“ಅದು ಕಳಿಸ್ಬೇಡಿ,” ಅಂದಳು ಅಕ್ಕ. “ಸುಳ್ಳು ಅಂದೋನಿಗೆ ನಾವೇ ಸಾಕ್ಷಿ ಒದಗಿಸ್ದಂಗೆ ಆಗತ್ತೆ. ಫೋನ್ ಕೆಳಗಿಡಿ ಇಬ್ರೂ. ಮೊದಲು ಬ್ರೆಡ್ ಒಳಗೆ ಹೋಗ್ಲಿ.”

ನಾದಿದಳು, ಅಚ್ಚಿಗೆ ತುಂಬಿದಳು, ಉಬ್ಬುವುದಕ್ಕೆ ಕಾದಳು, ಬೇಯಿಸಿದಳು. ನಾನು ಸಂಕಟದಲ್ಲಿ ಕೌಂಟರಿನ ಗಾಜನ್ನೇ ಒರೆಸುತ್ತಿದ್ದೆ. ಟ್ರೇ ಹೊರಗೆ ಬಂದಮೇಲೆ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತು, “ಎಲ್ಲಿ, ಆ ಹದಿನಾಲ್ಕನ್ನೂ ತೋರ್ಸು,” ಅಂದಳು.

ಒಂದೊಂದಾಗಿ ಓದಿದಳು. ರುಚ್ಚಿ. ರುಚ್ಚಿ. ರುಚ್ಚಿ. ಚಿಕ್ಕಂದಿನಿಂದ ನಾನು ಬರೆಯುವುದೇ ಹಾಗೆ. ಒತ್ತು ಕೊಟ್ಟರೆ ರುಚಿ ಹೆಚ್ಚು ಅಂತ ಅಂದುಕೊಂಡಿದ್ದೆನೋ ಏನೋ!

“ಇದ್ರಲ್ಲಿ ನೀನು ಬರೆದಿದ್ದು ಎಷ್ಟು?”

“ಹದಿನಾಲ್ಕೂ. ಆದ್ರೆ ಅಕ್ಕಾ, ಎಲ್ಲಾ ನಮ್ಮ ಗಿರಾಕಿಗಳೇ! ನಾನೇ ಕೇಳ್ತಿದ್ದೆ, ನಾಲ್ಕು ಮಾತು ಬರೀರಿ ಅಂತ. ವಯಸ್ಸಾದೋರು, ‘ನಂಗೆ ಬರಲ್ಲ, ನೀನೇ ಬರ್ದುಬಿಡಮ್ಮ’ ಅಂತ ಫೋನ್ ಕೈಗೆ ಕೊಡೋರು. ಬರೆದೆ. ಇದು ನಕಲಿ ಹೆಂಗಾಗತ್ತೆ?”

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಜನ ನಿಜ, ಮಾತು ಅವರ್ದಲ್ಲ,” ಅಂದಳು. “ಅಂಗಡಿಯೋರೇ ಅಂಗಡಿನ ಹೊಗಳ್ಕೊಂಡಂಗಾಯ್ತು. ನಾನೂ ಇಲ್ಲೇ ನಿಂತಿದ್ದೆ, ನೋಡಿ ಸುಮ್ನಿದ್ದೆ.”

“ಅವನ ಬರಹದ ಮೇಲೆ ದೂರು ಕೊಟ್ಟು ತೆಗೆಸೋಣ.”

“ಏನಂತ ದೂರು? ಅವನು ಕಂಡಿದ್ದನ್ನ ಹೇಳಿದ್ದಾನೆ.”

ಅವನ ಮಾತಿನ ಕೆಳಗೆ ಅಂಗಡಿಯ ಹೆಸರಿನಲ್ಲಿ ಉತ್ತರ ಬರೆಯಬಹುದಿತ್ತು. ಅಕ್ಕ ಹೇಳಿದಳು, ನಾನು ಬರೆದೆ. ಈ ಸಲ ಒಂದೊಂದು ಅಕ್ಷರವನ್ನೂ ಅವಳು ಬಗ್ಗಿ ನೋಡಿದಳು:

“ನಮಸ್ಕಾರ. ಆ ಹದಿನಾಲ್ಕು ಮಂದಿ ನಮ್ಮಲ್ಲಿ ಕೊಂಡು ತಿಂದವರೇ. ಆದರೆ ಅವರ ಫೋನಿನಲ್ಲಿ ಆ ಮಾತುಗಳನ್ನು ಬರೆದದ್ದು ನಮ್ಮ ಕೌಂಟರಿನವರು. ಹಾಗೆ ಮಾಡಬಾರದಿತ್ತು, ತಪ್ಪು ನಮ್ಮದು. ಅವನ್ನು ಅಳಿಸುವಂತೆ ಒಬ್ಬೊಬ್ಬರನ್ನೂ ಕೇಳಿಕೊಳ್ಳುತ್ತೇವೆ. ತೋರಿಸಿಕೊಟ್ಟಿರಿ, ಧನ್ಯವಾದ. ಇನ್ನೇನಾದರೂ ಕೇಳುವುದಿದ್ದರೆ ಅಂಗಡಿಗೆ ಫೋನ್ ಮಾಡಿ. ಇಂತಿ, ಅಂಗಡಿಯ ಒಡತಿ.”

“ನಿಮ್ಮ ಕೈಯಾರೆ ಬಾಗಿಲು ಹಾಕ್ತಿದ್ದೀರಿ,” ಅಂತ ಭಾವ ಎದ್ದುಹೋದರು. ನನಗೂ ಹಾಗೇ ಅನ್ನಿಸಿತು. ಅಕ್ಕ ಗುಂಡಿ ಒತ್ತಿ ಕಳಿಸಿಯೇ ಬಿಟ್ಟಳು. ನೆಲ ಬಿರಿದು ಒಳಗೆ ಸೇರಿಕೊಳ್ಳಬಾರದೇ ಅನ್ನಿಸಿತು.

ಮಧ್ಯಾಹ್ನವೇ ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಮೇಡಂ ಫೋನ್ ಮಾಡಿದರು. ಅಕ್ಕ ಸ್ಪೀಕರಿಗೆ ಹಾಕಿದಳು. “ಅವನು ಬರೆದಿದ್ದು, ನೀವು ಬರೆದಿದ್ದು, ಎರಡನ್ನೂ ಓದ್ದೆ ಕಣಮ್ಮ. ಕಷ್ಟ ಆಯ್ತು. ಬ್ರೆಡ್ಡಲ್ಲಿ ಉಪ್ಪು ಎಷ್ಟು ಅಂತ ನಾನು ದಿನಾ ಅಳೆಯೋಕಾಗತ್ತಾ? ನೀವು ಹೇಳಿದ್ದನ್ನ ನಂಬಿ ಹಾರ್ಟ್ ಪೇಶೆಂಟ್‌ಗೆ ಕೊಡ್ಬೇಕು. ಅಳಿಸ್ತೀವಿ ಅಂದಿದ್ದೀರಿ. ಶುಕ್ರವಾರ ಮೀಟಿಂಗ್‌ಗೆ ಮುಂಚೆ ಹದಿನಾಲ್ಕೂ ಹೋಗಿರ್ಬೇಕು.”

ಅಳಿಸುವುದು ನಮ್ಮ ಕೈಯಲ್ಲಿರಲಿಲ್ಲ. ಬರೆದ ಖಾತೆಯವರೇ ಅಳಿಸಬೇಕು. ಮೂರು ದಿನ ಒಬ್ಬೊಬ್ಬರಿಗೂ ಕೈಮುಗಿದೆ. ‘ಯಾಕಮ್ಮ, ಚೆನ್ನಾಗೇ ಇತ್ತಲ್ಲ’ ಅಂದರು ಕೆಲವರು. ‘ನಾನು ಅಂಥಾದ್ದು ಬರೆದೇ ಇಲ್ವಲ್ಲ!’ ಅಂತ ಕೂಗಾಡಿದರು ಒಬ್ಬರು. ಅಕ್ಷರಶಃ ನಿಜ. ಗುರುವಾರ ಸಂಜೆಗೆ ಹದಿಮೂರು ಹೋದವು. ಐದಕ್ಕೆ ಹತ್ತಿರವಿದ್ದ ನಮ್ಮ ನಕ್ಷತ್ರ ಮೂರೂವರೆಗೆ ಇಳಿಯಿತು.

ಉಳಿದದ್ದು ನಮ್ಮ ಹಳೇ ಗಿರಾಕಿ ಟೇಲರಜ್ಜನದು. ಅಜ್ಜ ತೀರಿಕೊಂಡು ಒಂದು ತಿಂಗಳಾಗಿತ್ತು.

ಅದನ್ನು ತೆಗೆಯಿರಿ ಅಂತ ಆ್ಯಪಿನವರಿಗೆ ನಾವೇ ದೂರು ಕೊಟ್ಟಿದ್ದೆವು, ಉತ್ತರವಿಲ್ಲ. ಶುಕ್ರವಾರ ಬೆಳಿಗ್ಗೆ ಅಕ್ಕ ಓವನ್ ಆರಿಸಿ, “ನಡಿ,” ಅಂದಳು.

ಟೇಲರಜ್ಜಿಯ ಮನೆಯಲ್ಲಿ ಹೊಲಿಗೆ ಮಿಶನ್ನಿನ ಮೇಲೆ ಬಟ್ಟೆ ಮುಚ್ಚಿತ್ತು. ಸತ್ತವರ ಫೋನು ಕೇಳಬೇಕು! ಅಕ್ಕ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಅಜ್ಜಿ ಒಳಗಿನಿಂದ ಫೋನು ತಂದರು. ದಿನಾ ಚಾರ್ಜಿಗೆ ಹಾಕುತ್ತಾರಂತೆ.

“ಓದಮ್ಮ, ಏನಿದೆ?”

“ತುಂಬಾ ರುಚ್ಚಿ, ಮೃದು, ಮತ್ತೆ ಬರುವೆವು.”

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕರು. “ಅಯ್ಯೋ, ಇವರಾ? ಐವತ್ತು ವರ್ಷ ನನ್ನ ಅಡುಗೆ ತಿಂದು ಒಂದಿನ ಚೆನ್ನಾಗಿದೆ ಅಂದೋರಲ್ಲ. ಅಳಿಸಮ್ಮ, ಇದು ಅವರ ಮಾತಲ್ಲ.”

ಅವರ ಬೆರಳು ಹಿಡಿದೇ ಒತ್ತಿಸಿದೆ. ಹೋಯಿತು. ಮೀಟಿಂಗ್ ಶುರುವಾಗುವ ಹೊತ್ತು, ಮೇಡಂಗೆ ಫೋನ್ ಮಾಡಲು ಅಕ್ಕ ಜಗುಲಿಗೆ ಓಡಿದಳು.

“ಆವತ್ತು ನಿಜವಾಗ್ಲೂ ಏನಂದ್ರು ಅವರು?” ಅಂತ ಅಜ್ಜಿ ಕೇಳಿದರು.

ನೆನಪಿತ್ತು. “ಬನ್ನು ಗಟ್ಟಿ ಅಂದ್ರು ಅಜ್ಜೀ. ‘ಗಟ್ಟಿನೇ ಇರ್ಲಿ, ನಮ್ಮೋಳಿಗೆ ಹಲ್ಲಿಲ್ಲ, ಹಾಲಲ್ಲಿ ಅದ್ದಿ ಕೊಡ್ತೀನಿ, ಮೆತ್ತಂದು ಆದ್ರೆ ಕರಗಿಹೋಗತ್ತೆ’ ಅಂದ್ರು. ನಾನು... ಮೃದು ಅಂತ ಬರೆದೆ.”

ಅಷ್ಟರಲ್ಲೇ ಮೀಟಿಂಗಿನಲ್ಲಿ ಒಪ್ಪಿಗೆಯಾಗಿರಬೇಕು, ಜಗುಲಿಯಿಂದ ಅಕ್ಕನ ದನಿ ಕೇಳಿಸಿತು. “ಸೋಮವಾರದಿಂದಾನಾ ಮೇಡಂ? ಎಷ್ಟು ಪೌಂಡು?” ಅನ್ನುತ್ತಾ ಅಳುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕೇಳಿರಲಿಲ್ಲ. ಎದ್ದು ಓಡಬೇಕು ಅನ್ನಿಸಿತು. ಆದರೆ ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದರು.

“ನನ್ನ ವಿಷ್ಯ ಮಾತಾಡಿದ್ರಾ? ಇನ್ನೇನಂದ್ರು?”

ಅಜ್ಜ ಇನ್ನೂ ಏನೋ ಹೇಳಿದ್ದರು. ಅವರು ಮಾತಾಡುತ್ತಲೇ ಇದ್ದರು, ನಾನು ತಲೆ ಬಗ್ಗಿಸಿಕೊಂಡು ಅವರ ಫೋನಿನಲ್ಲಿ ನನ್ನ ಮಾತು ಬರೆಯುತ್ತಿದ್ದೆ.

“ನೆನಪಿಲ್ಲ ಅಜ್ಜಿ,” ಅಂದೆ. “ನಾನು ಕೇಳಿಸ್ಕೊಳ್ಲಿಲ್ಲ.”