ಅರವತ್ತೊಂದನೆಯ ಪೆಟ್ಟಿಗೆ

ಅವ್ವ ತೀರಿಕೊಂಡ ಮೇಲೆ ಕನ್ನಡ ಮಾತಾಡಲು ನನಗೆ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಅಂಧೇರಿಯ ಆಫೀಸಿನಲ್ಲಿ ದಿನವಿಡೀ ಹಿಂದಿ, ಮರಾಠಿ. ವಿದೇಶದಿಂದ ಬರುವ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಏಜೆಂಟರ ಆಫೀಸು ನಮ್ಮದು. ಹಡಗು ಕಂಪನಿ ಕೊಟ್ಟ ಬಿಲ್ ಆಫ್ ಲೇಡಿಂಗ್, ಮಾರಿದವರು ಕಳಿಸಿದ ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್, ಈ ಮೂರರಿಂದ ಕಂಟೇನರ್ ನಂಬರು, ಪೆಟ್ಟಿಗೆ, ತೂಕ, ಬೆಲೆ ತೆಗೆದು ತಾಳೆ ನೋಡುವುದು ನನ್ನ ಕೆಲಸ. ಈಗ ಸಾಫ್ಟ್‌ವೇರೇ ಅಂಕಿಗಳನ್ನು ಓದಿ ಶೀಟಿಗೆ ತುಂಬುತ್ತದೆ. ಒಂದಕ್ಕೊಂದು ಹೊಂದದಿದ್ದರೆ ಕೆಂಪು ಗೆರೆ ಎಳೆದು ಸುಮ್ಮನಾಗುತ್ತದೆ. ಯಾಕೆ ಹೊಂದಲಿಲ್ಲ ಅನ್ನುವುದನ್ನು ನಾನೇ ಹುಡುಕಬೇಕು.

ಆ ದಿನ ಭಾಂಡುಪ್‌ನ ಒಂದು ಪಂಪ್ ಕಾರ್ಖಾನೆಯ ಸರಕಿಗೆ ಕೆಂಪು ಗೆರೆ ಬಿದ್ದಿತ್ತು. ಬಿಲ್ ಆಫ್ ಲೇಡಿಂಗ್‌ನಲ್ಲಿ ಮರದ ಹಲಗೆಯ ನಾಲ್ಕು ಪ್ಯಾಲೆಟ್, ಅವುಗಳ ಮೇಲೆ ಪೇರಿಸಿದ ಅರವತ್ತೊಂದು ಪೆಟ್ಟಿಗೆ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಅರವತ್ತೇ. ಇನ್‌ವಾಯ್ಸ್‌ನ ಸಾಮಾನೆಲ್ಲ ಆ ಅರವತ್ತರಲ್ಲೇ ಮುಗಿಯುತ್ತಿತ್ತು. ಟೈಪ್ ಮಾಡುವಾಗ ತಪ್ಪಿರಬಹುದು ಅಂದುಕೊಂಡೆ. ಆದರೆ ಪ್ಯಾಲೆಟ್‌ಗಳ ತೂಕ ಕಳೆದರೂ ಬಿಲ್ ಆಫ್ ಲೇಡಿಂಗ್‌ನ ತೂಕ ಪ್ಯಾಕಿಂಗ್ ಲಿಸ್ಟ್‌ನದಕ್ಕಿಂತ ಒಂದಿಷ್ಟು ಹೆಚ್ಚೇ ಇತ್ತು. ಇದು ಬರೀ ಬರವಣಿಗೆಯ ತಪ್ಪಲ್ಲ, ಪೆಟ್ಟಿಗೆ ನಿಜವಾಗಿಯೂ ಇದೆ ಅನ್ನಿಸಿತು. ಲೆಕ್ಕದಲ್ಲಿಲ್ಲದ ಪೆಟ್ಟಿಗೆ ಬಂದರಿನಲ್ಲಿ ಸಿಕ್ಕರೆ ಕಸ್ಟಮ್ಸ್‌ನವರು ಇಡೀ ಸರಕನ್ನೇ ತಡೆದು ಕೇಳುತ್ತಾರೆ.

ಕಾರ್ಖಾನೆಯ ಖರೀದಿ ವಿಭಾಗಕ್ಕೆ ಫೋನ್ ಮಾಡಿದೆ. ವಯಸ್ಸಾದವರೊಬ್ಬರು ಹಿಂದಿಯಲ್ಲಿ ಮಾತಾಡಿ, ಫೈಲ್ ನೋಡುತ್ತೇನೆ, ತಡೀರಿ ಅಂದರು. ಕಾಯುತ್ತ ನನಗೆ ನಾನೇ ಗೊಣಗಿಕೊಂಡೆ, "ಈ ಒಂದ ಪೆಟಗಿ ಎಲ್ಲಿಂದ ಬಂತವ್ವಾ!"

ಆ ಕಡೆ ಹಾಳೆಯ ಸಪ್ಪಳ ನಿಂತಿತು.

"ಯಾವೂರ್ರಿ ನಿಮ್ದು?"

"ಬಿಜಾಪುರ್ರಿ."

"ಹೌದೇನ್ರಿ! ನಮ್ದು ಬೆಳಗಾವಿ. ಇಲ್ಲಿ ಬಂದು ಭಾಳ ವರ್ಷ ಆತು."

ಪೆಟ್ಟಿಗೆಯ ಮಾತು ಬಿಟ್ಟು ಊರಿನ ಮಾತಿಗಿಳಿದೆವು. ಆಮೇಲೆ ಅವರಿಗೇ ನೆನಪಾಯಿತು: ಹಿಂದಿನ ಸಲ ಬಂದ, ಪಂಪ್ ಸೋರದಂತೆ ತಡೆಯುವ ಸೀಲುಗಳು ಕೆಲವು ಒಡೆದಿದ್ದವು, ಬದಲಿಯಾಗಿ ಬೇರೆ ಕಳಿಸಲು ಮಾರಿದವರನ್ನು ಕೇಳಿದ್ದರಂತೆ; ಹೆಚ್ಚಿನ ಪೆಟ್ಟಿಗೆ ಅದೇ.

"ಅದು ಫ್ರೀ ಐತ್ರಿ. ರೊಕ್ಕ ಕೊಡೂದಿಲ್ಲ."

"ಫ್ರೀ ಇದ್ರೂ ಕಸ್ಟಮ್ಸ್‌ಗೆ ಬೆಲಿ ತೋರಸಬೇಕ್ರಿ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಎರಡೂ ತಿದ್ದಿಸಿ ತರಸ್ರಿ."

ತಿದ್ದಿದ ಕಾಗದ ಬರುವವರೆಗೆ ದಿನಾ ಫೋನ್ ಮಾಡಿದೆವು. ವ್ಯವಹಾರ ಎರಡು ಮಾತು. ಉಳಿದದ್ದೆಲ್ಲ ಊರಿನ ಬಿಸಿಲು, ಲೋಕಲ್ ರೈಲಿನ ನೂಕುನುಗ್ಗಲು, ಕನ್ನಡ ತಿಳಿದರೂ ಹಿಂದಿಯಲ್ಲೇ ಉತ್ತರಿಸುವ ಅವರ ಮೊಮ್ಮಗಳು. ಕಡೆಗೆ ಮೂರೂ ಕಾಗದ ತಾಳೆಯಾದವು, ಕಸ್ಟಮ್ಸ್‌ಗೆ ಸರಕಿನ ಲೆಕ್ಕ ಕೊಡುವ ಬಿಲ್ ಆಫ್ ಎಂಟ್ರಿ ಹಾಕಿದೆವು, ಸರಕು ಬಿಡುಗಡೆಯಾಯಿತು. ಎಲ್ಲರೂ ಭೇಷ್ ಅಂದರು. ನನಗೆ ಮಾತ್ರ ಏನೋ ಕಳಕೊಂಡಂತಾಯಿತು.

ಅವರ ಮುಂದಿನ ಸರಕಿನಲ್ಲಿ ಒಂದೂ ವ್ಯತ್ಯಾಸವಿರಲಿಲ್ಲ. ಆದರೂ ಫೋನ್ ಮಾಡಿದೆ.

"ಏನರ ತಪ್ಪಾಗೈತೇನ್ರಿ?" ಅವರ ದನಿಯಲ್ಲಿ ಗಾಬರಿ.

"ಇಲ್ರಿ. ಎಲ್ಲಾ ಸರಿ ಐತಿ."

ಆಮೇಲೆ ಅವರು ಮೆಲ್ಲಗೆ ಕೇಳಿದರು, "ಊಟ ಆತೇನ್ರಿ?"