ಐವತ್ತು ಫ್ರೇಮಿನ ಟೀಚರ್

ನನ್ನ ಮಗಳು ಕೈಯಿಂದ ಆಡಿದ ಮೊದಲ ಮಾತು ‘ಅಪ್ಪ’ ಅಲ್ಲ, ‘ಯಾಕ’. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ. ಹಾವೇರಿಯಲ್ಲಿ ಕಿವುಡ ಮಕ್ಕಳ ಶಾಲೆಗೆ ಸೇರಿಸಿದ ಮೇಲೆ, ಮೊದಲ ರಜೆಗೆ ರಾಣೆಬೆನ್ನೂರಿನ ಮನೆಗೆ ಬಂದವಳು ಹುಬ್ಬು ಗಂಟಿಕ್ಕಿ, ಕೈ ಆಡಿಸಿ, ಕಂಡದ್ದಕ್ಕೆಲ್ಲ ಯಾಕ ಎಂದು ಕೇಳತೊಡಗಿದಳು. ರೊಟ್ಟಿ ಯಾಕೆ ಉಬ್ಬುತ್ತದೆ, ಹಂಚು ಯಾಕೆ ಕಪ್ಪಗಿದೆ, ನಾಯಿ ಯಾಕೆ ಓಡಿತು. ಉತ್ತರ ಕೊಡಲು ನನ್ನ ಕೈಗೆ ಭಾಷೆ ಬರುತ್ತಿರಲಿಲ್ಲ. ಇಷ್ಟು ಮಾತಿನ ಮಗಳಿಗೆ ಇಂಥ ಮೂಕ ಅಪ್ಪ ಗಂಟುಬಿದ್ದನಲ್ಲ ಎಂದು ನನ್ನ ಮೇಲೆ ನಾನೇ ಸಿಡುಕುತ್ತಿದ್ದೆ.

ಅವಳಿಗೆ ಆ ಮಾತು ಕೊಟ್ಟವರು ಶಾಲೆಯ ವಿಜ್ಞಾನದ ಟೀಚರ್. ಆಕೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಆಕೆಯ ತಂದೆ ತಾಯಿಗೆ ಕೇಳಿಸುತ್ತಿರಲಿಲ್ಲ. ಹೀಗಾಗಿ ಸನ್ನೆಭಾಷೆ ಆಕೆಗೆ ತೊಟ್ಟಿಲಲ್ಲೇ ಬಂದದ್ದು. ಉಳಿದ ಮಾಸ್ತರರು ಬಾಯಿ ದೊಡ್ಡದು ಮಾಡಿ ಕೂಗುತ್ತ, ನಡುನಡುವೆ ಕೈ ಬೀಸುತ್ತ, ಬೋರ್ಡಿನ ಮೇಲೆ ಬರೆಯುತ್ತ ದಿನ ನೂಕುವವರು. ಈ ಟೀಚರ್ ಮಾತ್ರ ಮಕ್ಕಳನ್ನು ಅರ್ಧಚಂದ್ರಾಕಾರವಾಗಿ ಕೂರಿಸಿ, ಕಿಟಕಿಗಳನ್ನೆಲ್ಲ ತೆರೆದಿಟ್ಟು ಪಾಠ ಮಾಡುತ್ತಿದ್ದರು. ಹಾಗೆ ಕೂತರೆ ಎಲ್ಲರ ಕೈ ಎಲ್ಲರಿಗೂ ಕಾಣುತ್ತದೆ. ಒಂದು ಹುಡುಗಿ ಪ್ರಶ್ನೆ ಕೇಳಿದರೆ ಇಡೀ ವರ್ಗಕ್ಕೆ ಕೇಳಿಸಿದಂತೆ. ನಾನು ಬಾಗಿಲಲ್ಲಿ ನಿಂತು ನೋಡಿದಾಗ, ಒಂದು ಸದ್ದಿಲ್ಲದ ಆ ಕೋಣೆ ಬ್ಯಾಡಗಿ ಮಾರ್ಕೆಟ್ಟಿನ ಹರಾಜಿಗಿಂತ ಗದ್ದಲದ್ದಾಗಿ ಕಾಣುತ್ತಿತ್ತು.

ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಟೀಚರಿಗೆ ಕಲಬುರಗಿ ಕಡೆ ಕಾಯಂ ಸರ್ಕಾರಿ ನೌಕರಿಯ ಆದೇಶ ಬಂತು. ಇಲ್ಲಿ ಆಕೆ ವರ್ಷವರ್ಷದ ಗುತ್ತಿಗೆಯ ಮೇಲಿದ್ದವರು. ಹೋಗಬೇಡಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸನ್ನೆಯೂ ಗೊತ್ತು, ವಿಜ್ಞಾನವೂ ಗೊತ್ತು ಎನ್ನುವ ಇನ್ನೊಬ್ಬರು ಸಿಗುವುದು ಕಷ್ಟ ಎಂದು ಹೆಡ್‌ಮಾಸ್ತರರು ಕೈಚೆಲ್ಲಿದರು. ಆಗ ನಾನೇ ಹೇಳಿದೆ: ಹತ್ತನೆಯ ತರಗತಿಯ ಪಾಠಗಳನ್ನೆಲ್ಲ ಆಕೆ ಹೋಗುವ ಮೊದಲು ವಿಡಿಯೋ ಮಾಡಿಬಿಡೋಣ. ನನ್ನದು ರಾಣೆಬೆನ್ನೂರಿನಲ್ಲಿ ಸ್ಟುಡಿಯೋ. ಮದುವೆ, ಸೀಮಂತ, ಗೃಹಪ್ರವೇಶ ಎಲ್ಲ ಶೂಟ್ ಮಾಡಿದ ಕೈ. ಒಬ್ಬ ಟೀಚರನ್ನು ಹಿಡಿದಿಡಲಾರೆನೇ ಎಂಬ ಹಮ್ಮು ಇತ್ತು.

ಶಾಲೆಯ ಆಡಳಿತ ಮಂಡಳಿಯಲ್ಲಿ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದಾರೆ. ಶಾಲೆಗೆ ಪ್ರೊಜೆಕ್ಟರ್ ಕೊಟ್ಟವರೂ ಅವರೇ. ತಮ್ಮ ಆಫೀಸಿನಲ್ಲಿ ಬಳಸಿ ಬಿಟ್ಟದ್ದು, ಹಳೆಯ ಚೌಕ ಮುಖದ ಮಾದರಿ. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂದು ನಾನೂ ಸುಮ್ಮನಿದ್ದೆ. ಮಾತಾಡಲು ಅವರ ಮಳಿಗೆಗೆ ಹೋದಾಗ ಮೆಣಸಿನಕಾಯಿ ಘಾಟಿಗೆ ನನಗೆ ಒಂದೇ ಸಮ ಕೆಮ್ಮು, ಅವರಿಗೆ ಏನೂ ಇಲ್ಲ. ಅವರ ತಲೆಯಲ್ಲಿ ರೀಲ್ಸ್ ಕೂತಿತ್ತು. “ಈಗ ಯಾರು ಫೋನ್ ಅಡ್ಡ ಹಿಡಿತಾರ್ರಿ? ಉದ್ದಕ ತಗೀರಿ. ನಾಕು ಮಂದಿ ನೋಡಿದ್ರ ಎಲ್ಲೆರ ಒಬ್ಬ ಟೀಚರ್ ಸಿಕ್ಕಾರು” ಎಂದರು. ಕೊನೆಯ ಮಾತು ತೆಗೆದುಹಾಕುವಂಥದ್ದಲ್ಲ. ಹಾಗೇನಾದರೂ ಸಿಕ್ಕರೆ ನನ್ನ ವಿಡಿಯೋಗಳೇ ಬೇಕಾಗುತ್ತಿರಲಿಲ್ಲ.

ಹೇಗೆ ಬರುತ್ತದೆ ನೋಡೋಣ ಎಂದು ಮೊದಲು ಒಂದು ಪಾಠ ತೆಗೆದೆ. ಮದುವೆಗೆ ಹೇಗೆ ತೆಗೆಯುತ್ತೇನೋ ಹಾಗೇ: ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್, ಶಟರ್ ತೆರೆದಿರುವುದು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಚಲನೆ ತುಸು ಮಸುಕಾಗಿ, ಸಿನಿಮಾದ ಹಾಗೆ ನಯವಾಗಿ ಕಾಣುತ್ತದೆ. ಅಕ್ಷತೆ ಬೀಳುವಾಗ ಆ ಮಸುಕಿಗೆ ಗಿರಾಕಿಗಳು ಮರುಳಾಗುತ್ತಾರೆ. ಲ್ಯಾಪ್‌ಟಾಪಿನಲ್ಲಿ ಮಗಳಿಗೆ ತೋರಿಸಿದೆ. ನೋಡಿದಳು, ಮುಖ ಸೊಟ್ಟ ಮಾಡಿದಳು, ಟೀಚರ್ ಕಡೆ ತಿರುಗಿ ಕೈಯಾಡಿಸಿದಳು.

ಟೀಚರ್ ನಗುತ್ತ ನನಗೆ ಬಿಡಿಸಿ ಹೇಳಿದರು: “ಟೀಚರ್ ಬೆರಳಿಗೆ ಹೊಗಿ ಹತ್ತೇತಿ, ಅಕ್ಷರ ಒಂದೂ ಓದಾಕ ಬರವಲ್ದು ಅಂತಾಳ್ರಿ ಅಣ್ಣಾರ.”

ನಿಲ್ಲಿಸಿ ನೋಡಿದೆ. ನಿಜ. ಬೆರಳಿನಿಂದ ಒಂದೊಂದೇ ಅಕ್ಷರ ಬಿಡಿಸಿ ತೋರಿಸುವ ಕಡೆಯಲ್ಲೆಲ್ಲ ಐದು ಬೆರಳೂ ಕಲಸಿ ಒಂದು ಮುದ್ದೆಯಾಗಿದ್ದವು. ಮದುವೆಯ ಚೆಂದವನ್ನು ತಂದು ಮಾತಿನ ಮೇಲೆ ಸುರಿದಿದ್ದೆ. ಅಲ್ಲಿಂದ ಐವತ್ತು ಫ್ರೇಮಿಗೆ ಏರಿಸಿ, ಶಟರನ್ನು ಇನ್ನೂರರಲ್ಲಿ ಒಂದಕ್ಕೆ ಇಳಿಸಿದೆ. ಅಷ್ಟು ಚುರುಕು ಶಟರಿಗೆ ಟ್ಯೂಬ್‌ಲೈಟಿನ ಮಿಣುಕು ಪಟ್ಟೆಪಟ್ಟೆಯಾಗಿ ಕಾಣಿಸುತ್ತದೆ. ಅದಕ್ಕೆ ಟ್ಯೂಬ್ ಆರಿಸಿ, ಕಿಟಕಿಯ ಹಗಲು ಬೆಳಕನ್ನೇ ನಂಬಿಕೊಂಡೆ. ಮರುದಿನ ತೋರಿಸಿದಾಗ ಮಗಳು ಓದುತ್ತ ಹೋದಳು, ನಡುವೆ ಒಮ್ಮೆ ನಕ್ಕಳು. ಟೀಚರ್ ಅಲ್ಲಿ ಏನೋ ಚೇಷ್ಟೆ ಮಾಡಿದ್ದರಂತೆ. ಆ ದಿನ ನನಗೆ ಆದ ಸಂತೋಷ ಯಾವ ಮದುವೆಯ ಆಲ್ಬಮ್ಮಿನಲ್ಲೂ ಆಗಿದ್ದಿಲ್ಲ.

ಶೂಟಿಂಗ್ ಪೂರ್ತಿ ಅಡ್ಡ ಫ್ರೇಮಿನಲ್ಲಿ, ಫೋರ್‌ಕೆಯಲ್ಲಿ ಮಾಡಿದೆ. ಅಷ್ಟು ದೊಡ್ಡ ಚಿತ್ರವಿದ್ದರೆ ಒಂದೇ ಬಟ್ಟೆಯಲ್ಲಿ ಮೂರು ಅಂಗಿ ಕತ್ತರಿಸಬಹುದು. ಮನೆಯಲ್ಲಿ ನೋಡುವ ಉದ್ದದ ಪಾಠಕ್ಕೆ ಹದಿನಾರಕ್ಕೆ ಒಂಬತ್ತರ ಅಗಲದ ಚಿತ್ರ, ಟೀಚರ್ ಒಂದು ಬದಿ, ಬೋರ್ಡು ಇನ್ನೊಂದು ಬದಿ. ಶಾಲೆಯ ಪ್ರೊಜೆಕ್ಟರಿಗೆ ನಾಲ್ಕಕ್ಕೆ ಮೂರರ ಚಿತ್ರ. ರೀಲ್ಸಿಗೆ ಒಂಬತ್ತಕ್ಕೆ ಹದಿನಾರರ ಉದ್ದನೆಯ ಚಿತ್ರ. ಇದರಲ್ಲಿ ಮೂರನೆಯ ಅಂಗಿಯೇ ಮೈಗೆ ಬಿಗಿಯಾಯಿತು. ಅಡ್ಡ ಚಿತ್ರದ ನಡುವಿನಿಂದ ಉದ್ದ ಪಟ್ಟಿ ಕತ್ತರಿಸಿದರೆ ಅಗಲದಲ್ಲಿ ಮೂರರಲ್ಲೊಂದು ಪಾಲೂ ಪೂರ್ತಿ ಉಳಿಯುವುದಿಲ್ಲ. ಸೂರ್ಯನಿಂದ ಭೂಮಿ ಎಷ್ಟು ದೂರ ಎಂದು ಟೀಚರ್ ಎರಡು ಕೈ ಚಾಚಿದರೆ ಸೂರ್ಯನೂ ಹೊರಗೆ, ಭೂಮಿಯೂ ಹೊರಗೆ. ಹಿಂದೆ ಸರಿದು ತೆಗೆದರೆ ಕೈ ಒಳಗೆ ಬಂದವು, ಆದರೆ ಮುಖ ಕಡಲೆಕಾಳಿನಷ್ಟಾಯಿತು. ಸನ್ನೆಭಾಷೆಯಲ್ಲಿ ಹುಬ್ಬು, ಕೆನ್ನೆ ಎಲ್ಲವೂ ಮಾತೇ. ಕೊನೆಗೆ ರೀಲ್ಸಿಗೆಂದೇ ಬೇರೆ ತೆಗೆದೆವು. ಟೀಚರ್ ಮೊಳಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಸಣ್ಣಗೆ ಸನ್ನೆ ಮಾಡಿದರು. ಪಿಸುಗುಟ್ಟಿ ಭಾಷಣ ಮಾಡಿದ ಹಾಗಾಯ್ತು ಎಂದು ಆಕೆಯೇ ಅಂದರು.

ರೀಲ್ಸ್ ಓಡಿದವು, ವ್ಯಾಪಾರಿ ಹೇಳಿದ್ದಕ್ಕಿಂತ ಹೆಚ್ಚೇ ಓಡಿದವು. ಕೆಳಗೆಲ್ಲ ಮುಗಿದ ಕೈಗಳ ಚಿತ್ರ, ಹೃದಯದ ಚಿತ್ರ, ಇವರೇ ನಿಜವಾದ ದೇವರು ಎಂಬ ಮಾತು. ಟೀಚರ್ ಕೆಲಸಕ್ಕೆ ಬರುತ್ತೇನೆ ಎಂದವರು ಒಬ್ಬರೂ ಇಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಎಂದು ನಾನು ನೋಡುವುದನ್ನೇ ಬಿಟ್ಟೆ. ಟೀಚರ್ ಹೊರಡುವ ದಿನ ಮಕ್ಕಳು ಬಸ್ಸಿನ ಕಿಟಕಿಗೆ ಕೈಯಾಡಿಸುತ್ತಲೇ ಇದ್ದರು. ಬಸ್ಸು ದೂರ ಹೋದ ಮೇಲೂ ಆಕೆ ಹಿಂದಿನ ಗಾಜಿನಲ್ಲಿ ಏನೋ ಹೇಳುತ್ತಿದ್ದರು. ಮಗಳಿಗೆ ಅರ್ಥವಾಯಿತು, ನನಗಾಗಲಿಲ್ಲ.

ಹತ್ತನೆಯ ತರಗತಿ ಶುರುವಾಯಿತು. ಮೊದಲ ದಿನ ಹೆಡ್‌ಮಾಸ್ತರರು ತಪ್ಪು ಫೈಲು, ಅಂದರೆ ಅಗಲದ್ದನ್ನು ಹಾಕಿ, ಚೌಕ ತುಂಬಲಿ ಎಂದು ಚಿತ್ರವನ್ನು ಎಳೆದುಬಿಟ್ಟಿದ್ದರು. ಟೀಚರ್ ಕೋಲಿನಂತೆ ಸಪೂರವಾಗಿ, ಉದ್ದುದ್ದ ಬೆಳೆದು ನಿಂತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಸರ್ ಎಂದು ನಾನು ರೇಗಿ, ಚೌಕದ್ದನ್ನು ಹಾಕಿಕೊಟ್ಟೆ. ಫೋರ್‌ಕೆ ಫೈಲು ಶಾಲೆಯ ಮುದಿ ಲ್ಯಾಪ್‌ಟಾಪಿನಲ್ಲಿ ತಡವರಿಸುತ್ತಿತ್ತು. ಪ್ರೊಜೆಕ್ಟರ್ ತೋರಿಸುವುದೇ ಸಾವಿರದ ಇಪ್ಪತ್ನಾಲ್ಕಕ್ಕೆ ಏಳುನೂರ ಅರವತ್ತೆಂಟು ಚುಕ್ಕಿ, ಅದಕ್ಕಿಂತ ಹೆಚ್ಚು ಕೊಟ್ಟು ಉಪಯೋಗವಿಲ್ಲ. ಅದಕ್ಕೇ ಚೌಕದ್ದನ್ನು ಮೊದಲೇ ಅದೇ ಅಳತೆಗೆ ಇಳಿಸಿ, ಐವತ್ತು ಫ್ರೇಮನ್ನು ಮಾತ್ರ ಮುಟ್ಟದೆ ಬಿಟ್ಟಿದ್ದೆ. ಸರಾಗ ಓಡಿತು. ಕಿಟಕಿಯ ಪರದೆ ಎಳೆದು ಕತ್ತಲೆ ಮಾಡಿದಾಗ ಗೋಡೆಯ ತುಂಬ ಟೀಚರ್ ಎದ್ದು ನಿಂತರು. ಬೆರಳಿನ ಗೆಣ್ಣು ಗೆಣ್ಣು ಕಾಣುತ್ತಿತ್ತು. ನಾನು ಎದೆಯುಬ್ಬಿಸಿ ಹಿಂದೆ ನಿಂತೆ.

ಸ್ವಲ್ಪ ಹೊತ್ತಿಗೆ ಏನೋ ಸರಿಯಿಲ್ಲ ಅನಿಸಿತು. ಮಕ್ಕಳು ಅಲುಗಾಡದೆ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆ ಗದ್ದಲ ಇರಲಿಲ್ಲ. ಆಮೇಲೆ ಹೊಳೆಯಿತು: ಕತ್ತಲೆಯಲ್ಲಿ ಅವರಿಗೆ ಒಬ್ಬರ ಕೈ ಒಬ್ಬರಿಗೆ ಕಾಣುವುದಿಲ್ಲ. ಟೀಚರ್ ಕಾಣಲಿ ಎಂದು ನಾವು ಕಿಟಕಿ ಮುಚ್ಚಿ, ಮಕ್ಕಳೆಲ್ಲರ ಬಾಯಿ ಮುಚ್ಚಿದ್ದೆವು.

ಒಂದು ಪರದೆ ಸರಿಸಿದೆ. ಗೋಡೆಯ ಮೇಲೆ ಟೀಚರ್ ಬೂದಿಯಾಗಿ, ಬೆರಳು ಅಳಿಸಿಹೋದವು. ಮುಚ್ಚಿದೆ. ಟೀಚರ್ ಬಂದರು, ಮಕ್ಕಳು ಹೋದರು. ಮೂಲೆಯಲ್ಲಿ ದೀಪ ಇಟ್ಟು ನೋಡಿದೆ, ಅದೂ ಗೋಡೆಗೆ ಹರಡಿತು. ಹೀಗೆ ನಾನು ಒದ್ದಾಡುತ್ತಿರುವಾಗ ಮಗಳು ಎದ್ದಳು. ನೇರ ಮುಂದೆ ಹೋಗಿ, ಕೈ ಕಾಣುವ ಜಾಗ ಅದೊಂದೇ ಎಂದೋ ಏನೋ, ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತಳು. ಗೋಡೆಯ ಕಡೆ ಮುಖ ಮಾಡಿ ಕೈಯೆತ್ತಿ ಕೇಳಿದಳು. ಯಾಕ. ಅವಳ ಕೈಯ ನೆರಳು ಟೀಚರ್ ಮುಖದ ಮೇಲೆ ಬಿತ್ತು. ಟೀಚರ್ ನಗುತ್ತ ಮುಂದಿನ ಮಾತಿಗೆ ಹೋದರು. ಮತ್ತೆ ಕೇಳಿದಳು.

ನಾನು ವಿಡಿಯೋ ನಿಲ್ಲಿಸಿ, ಎಲ್ಲ ಪರದೆ ತೆರೆದೆ. ಬೆಳಕಿನಲ್ಲಿ ಮಗಳು ನನ್ನ ಕಡೆ ತಿರುಗಿ ಇನ್ನೊಮ್ಮೆ ಕೇಳಿದಳು, ಪ್ರಶ್ನೆ ಪೂರ್ತಿ, ನಿಧಾನವಾಗಿ. ಬೆಳಕು ನೀರಿನಲ್ಲಿ ಬಾಗುತ್ತದೆ ಎಂಬಷ್ಟು ಹಿಡಿದೆ, ಆಮೇಲಿನದು ನನ್ನ ಕೈಗೆ ಮೀರಿದ್ದು. ಹೆಡ್‌ಮಾಸ್ತರರು ಲ್ಯಾಪ್‌ಟಾಪಿನ ಕಡೆ ಕೈ ಚಾಚಿದರು.

“ಮುಂದ ಹಚ್ಚೂಣೇನ್ರಿ?” ಎಂದರು ಅವರು.

ಪ್ರೊಜೆಕ್ಟರಿನ ಬದಲು ದೊಡ್ಡ ಟಿವಿ ತಂದರೆ ಬೆಳಕಿನಲ್ಲೂ ಕಾಣುತ್ತದೆ ಎಂದು ಆಮೇಲೆ ವ್ಯಾಪಾರಿಗೆ ಹೇಳಿದೆ. ನೋಡೋಣ ಎಂದಿದ್ದಾರೆ. ಬಂದರೂ ಅದು ಮಕ್ಕಳ ಕೈಯನ್ನು ತಿರುಗಿ ನೋಡುವುದಿಲ್ಲ ಎಂದು ನನಗೆ ಗೊತ್ತು. ಒಮ್ಮೆ ವಿಡಿಯೋ ಕಾಲಿನಲ್ಲಿ ಟೀಚರನ್ನೇ ಹಿಡಿದೆವು. ಅಲ್ಲಿಯ ನೆಟ್‌ವರ್ಕಿಗೆ ಆಕೆಯ ಕೈ ಒಂದು ಕಡೆ ನಿಂತು, ಇನ್ನೊಂದು ಕಡೆ ಜಿಗಿದು, ನಡುವಿನ ಮಾತೆಲ್ಲ ಬಿದ್ದುಹೋಯಿತು. ಆಕೆಗೂ ಅಲ್ಲಿ ವರ್ಗದ ತುಂಬ ಮಕ್ಕಳಿದ್ದಾರೆ. ಮತ್ತೆ ಮತ್ತೆ ಕಾಡಲು ಮನಸ್ಸಾಗಲಿಲ್ಲ.

ವಿಡಿಯೋಗಳು ದಿನವೂ ಓಡುತ್ತಿವೆ. ಅವುಗಳಲ್ಲಿ ಒಂದು ಫ್ರೇಮೂ ಕೆಟ್ಟಿಲ್ಲ. ಮಗಳು ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತಾಳಂತೆ. ಹೋದ ಹಬ್ಬಕ್ಕೆ ಮನೆಗೆ ಬಂದಿದ್ದಳು. ಅವಳ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಹಂಚಿನ ಮೇಲೆ ರೊಟ್ಟಿ ಉಬ್ಬಿತು. ನಾನು ಬೇಕೆಂದೇ ಎದುರು ಕೂತು, ಅವಳ ಹಳೆಯ ಪ್ರಶ್ನೆಯ ಉತ್ತರಕ್ಕೆ ಬೇಕಾದ ಸನ್ನೆ ಕಲಿತುಕೊಂಡು ಕಾದಿದ್ದೆ. ಮಗಳು ರೊಟ್ಟಿ ಮುರಿದು, ಪಲ್ಯ ಹಚ್ಚಿಕೊಂಡು, ತಟ್ಟೆ ನೋಡುತ್ತ ಉಂಡು ಎದ್ದಳು.