ಹುಣಸೆಹಣ್ಣಿನ ಕೂಲಿ ಮತ್ತು ಆರು ಕಿಲೋಮೀಟರ್ ರಸ್ತೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿಬಂದು ಯೋಜನಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ನಮ್ಮ ಸಾಹೇಬರು ಹೊಳೆನರಸೀಪುರದವರು. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಕೋಪ ನನಗೆ ಮೂಗಿನ ತುದಿಯಲ್ಲಿ, ಅವರಿಗೆ ಅದು ಎಲ್ಲೂ ಇರಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಇನ್ನಷ್ಟು ಕೋಪ ಬರುತ್ತಿತ್ತು.

ಆ ವರ್ಷ ನಮ್ಮ ಮೇಜಿಗೆ ಬಂದದ್ದು ಹಳ್ಳಿಮೈಸೂರಿನಿಂದ ಒಳಗಿನ ಒಂದು ಊರಿಗೆ ಆರು ಕಿಲೋಮೀಟರ್ ರಸ್ತೆ. ಮಳೆಗಾಲದಲ್ಲಿ ಆಲೂಗೆಡ್ಡೆ ಕೀಳುವ ಹೊತ್ತಿಗೆ ಅಲ್ಲಿನ ದಾರಿಯೇ ಕೆಸರುಗದ್ದೆ. ಗಾಡಿ ಹಳ್ಳದಲ್ಲಿ ಹೂತುಕೊಂಡರೆ ಮೂಟೆಗಳು ಅಲ್ಲೇ ಕೊಳೆಯುತ್ತಿದ್ದವು. ಖರ್ಚಿಗಿಂತ ಲಾಭ ಹೆಚ್ಚು ಎಂದು ನಮ್ಮ ಲೆಕ್ಕ ತೋರಿಸಿದರೆ ಮಾತ್ರ ರಸ್ತೆ. ಇಲ್ಲದಿದ್ದರೆ ಕಡತ ವಾಪಸ್ಸು.

ಲಾಭ ಇಪ್ಪತ್ತು ವರ್ಷದ್ದು. ಆದರೆ ನಾಳೆಯ ರೂಪಾಯಿ ಇಂದಿನ ರೂಪಾಯಿಯಲ್ಲ. ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ವಟಾವಣೆ, ಅಂದರೆ ಸೋಡಿ, ಕಳೆದರೆ ಮುಂದಿನ ವರ್ಷ ಸಿಗುವ ರೂಪಾಯಿಗೆ ಇವತ್ತು ಎಂಬತ್ತೊಂಬತ್ತು ಪೈಸೆ, ಹತ್ತನೇ ವರ್ಷದ್ದಕ್ಕೆ ಮೂವತ್ತೆರಡೇ ಪೈಸೆ. ಹಾಗೆ ಕಳೆಯುತ್ತಾ ಬಂದು, ಉಳಿಯುವ ಗೆಡ್ಡೆ, ಉಳಿಯುವ ಡೀಸೆಲ್ಲು, ಉಳಿಯುವ ಸಮಯ ಎಲ್ಲ ಕೂಡಿಸಿದರೆ ಇಪ್ಪತ್ತೆಂಟು ಲಕ್ಷ. ಖರ್ಚು ಮೂವತ್ತು. ಲೆಕ್ಕದಲ್ಲಿ ರಸ್ತೆ ಬಿದ್ದುಹೋಯಿತು.

ನಾನು ಮುಖ ಗಂಟು ಹಾಕಿಕೊಂಡೆ. ಇದು ಪೇಟೆ ಬೆಲೆಯ ಲೆಕ್ಕ, ಇನ್ನು ನೆರಳು ಬೆಲೆ, ಅಂದರೆ ದೇಶಕ್ಕೆ ನಿಜವಾಗಿ ತಗಲುವ ಬೆಲೆ ಹಾಕು ಎಂದರು ಸಾಹೇಬರು. ಪೇಟೆ ಬೆಲೆಯೊಳಗೆ ಕೂತ ತೆರಿಗೆ ಸರ್ಕಾರದ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವಂಥದ್ದು, ದೇಶಕ್ಕೆ ಅದು ಖರ್ಚಲ್ಲ. ಅದನ್ನು ಎರಡೂ ಕಡೆಯಿಂದ ತೆಗೆದೆ. ಖರ್ಚು ಇಪ್ಪತ್ತೆಂಟಾಯಿತು. ಉಳಿಯುವ ಡೀಸೆಲ್ಲಿನಲ್ಲೂ ತೆರಿಗೆ ಇತ್ತಲ್ಲ, ಲಾಭ ಇಪ್ಪತ್ತೇಳಕ್ಕಿಳಿಯಿತು. ಇನ್ನೂ ಒಂದು ಲಕ್ಷ ಕಡಿಮೆ.

ಉಳಿದದ್ದು ಕೂಲಿ. ಖರ್ಚಿನಲ್ಲಿ ಎಂಟು ಲಕ್ಷ ಮಣ್ಣು ಕೆಲಸದ ಕೂಲಿ, ಆಳಿಗೆ ದಿನಕ್ಕೆ ಇಪ್ಪತ್ತನಾಲ್ಕು ರೂಪಾಯಿಯಂತೆ. ಆ ಆಳನ್ನು ರಸ್ತೆಗೆ ಕರೆದರೆ ಬೇರೆ ಯಾವ ಕೆಲಸ ನಿಲ್ಲುತ್ತದೆ, ಅದರ ಬೆಲೆಯೇ ಕೂಲಿಯ ನೆರಳು ಬೆಲೆ. ರಾಗಿ ಒಕ್ಕಣೆ ಮುಗಿದ ಮೇಲೆ ಊರಲ್ಲಿ ಯಾರಿಗೂ ಕೆಲಸವಿಲ್ಲ ಎಂದು ಊರಿನ ಯಜಮಾನರೊಬ್ಬರು ಹೇಳಿದ್ದರು. ಕೆಲಸವಿಲ್ಲದಿದ್ದರೆ ಬೆಲೆ ಸೊನ್ನೆ. ಸೊನ್ನೆ ಹಾಕಿದೆ. ಖರ್ಚು ಇಪ್ಪತ್ತಕ್ಕಿಳಿದು ಲಾಭದಲ್ಲಿ ಏಳು ಲಕ್ಷ ಮಿಕ್ಕಿತು. ಹಿಗ್ಗಿನಿಂದ ಹಾಳೆ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ.

ಸಾಹೇಬರು ಕನ್ನಡಕ ತೆಗೆದು ಕೇಳಿದರು. "ಹೆಂಗಸರನ್ನ ಕೇಳಿದೆಯೇನಮ್ಮ?"

ಕೇಳಿರಲಿಲ್ಲ. ಮಾರನೇ ದಿನ ಜೀಪಿನಲ್ಲಿ ಹೊರಟೆವು. ಹೊರಡುವ ಮೊದಲೇ ಅವರು ಹಾಳೆಯ ಅಂಚಿನಲ್ಲಿ ಒಂದು ಅಂಕಿ ಬರೆದಿದ್ದರು: ಇಪ್ಪತ್ತೊಂದು. ಬೇಸಿಗೆಯಲ್ಲಿ ಆ ಊರಿನ ಕೈಗಳು ದಿನಕ್ಕೆ ಇಪ್ಪತ್ತೊಂದು ರೂಪಾಯಿಗಿಂತ ಹೆಚ್ಚಿನದನ್ನು ದುಡಿಯುತ್ತಿದ್ದರೆ ಮಿಕ್ಕ ಏಳು ಲಕ್ಷವೂ ತೊಳೆದುಹೋಗಿ ರಸ್ತೆ ಬೀಳುತ್ತದೆ. ಸೊನ್ನೆಯೇ ಇರಲಿ ಬಿಡಿ, ಊರಿಗೆ ಒಳ್ಳೆಯದಾಗುತ್ತದೆ ಎಂದು ದಾರಿಯುದ್ದಕ್ಕೂ ಗೊಣಗಿದೆ. ಅವರು ಹೊರಗಿನ ಹೊಂಗೆ ಮರಗಳನ್ನು ನೋಡುತ್ತಾ ಕೂತಿದ್ದರು.

ಊರಿನ ಜಗಲಿ ಜಗಲಿಯ ಮೇಲೂ ಹುಣಸೆಹಣ್ಣಿನ ರಾಶಿ. ಗಂಡಸರು ಮರ ಬಡಿದು ಓಡು ಒಡೆಯುತ್ತಿದ್ದರು, ಹೆಂಗಸರು ನಾರು ಎಳೆದು ಬೀಜ ಬಿಡಿಸುತ್ತಿದ್ದರು. ಯಾರಿಗೂ ಕೆಲಸವಿಲ್ಲವಂತೆ! ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲಿ ಮುಂದಾಳಿನಂತಿದ್ದ, ಎಲೆಯಡಿಕೆ ಹಾಕಿಕೊಂಡಿದ್ದ ಹೆಂಗಸೊಬ್ಬಳನ್ನು ಸಾಹೇಬರು ದಿನಕ್ಕೆ ಎಷ್ಟು ಸಿಗುತ್ತದೆ ಎಂದು ಕೇಳಿದರು. ಹಿಂದಿನ ವರ್ಷ ಹಳ್ಳದಲ್ಲಿ ಹನ್ನೊಂದು ಮೂಟೆ ಗೆಡ್ಡೆ ಕಳೆದುಕೊಂಡವಳು ಅವಳು. ರಸ್ತೆ ಬೇಕೆಂಬ ಅರ್ಜಿಯಲ್ಲಿ ಮೊದಲನೇ ಹೆಬ್ಬೆಟ್ಟು ಅವಳದೇ.

"ಇಪ್ಪತ್ತೈದು ಸಾ. ಒಂದ್ ಪೈಸಾನೂ ಕಮ್ಮಿ ಇಲ್ಲ ಕಣಿ" ಎಂದಳು.

ಇಪ್ಪತ್ತೊಂದನ್ನು ದಾಟಿಬಿಟ್ಟಿತ್ತು. ಅವಳ ಲೆಕ್ಕ ನನಗೆ ತಕ್ಷಣ ಅರ್ಥವಾಯಿತು. ಹೆಚ್ಚು ಹೇಳಿದರೆ ರಸ್ತೆ ಕೆಲಸಕ್ಕೆ ಕೂಲಿ ಹೆಚ್ಚು ಗೊತ್ತುಮಾಡುತ್ತಾರೆ ಎಂದುಕೊಂಡಿದ್ದಳು. ತಾನು ಕೇಳಿದ ರಸ್ತೆಯನ್ನು ತಾನೇ ಕೊಲ್ಲುತ್ತಿದ್ದಳು. ಕಣ್ಣಿನಲ್ಲೇ ಸನ್ನೆ ಮಾಡಲು ಹೋದೆ. ಸಾಹೇಬರು ನನ್ನನ್ನೊಮ್ಮೆ ನೋಡಿದರು, ಹಣ್ಣಿನ ರಾಶಿಯ ಕಡೆ ತಿರುಗಿದೆ.

ಅವರು ವಾದಕ್ಕೆ ಇಳಿಯಲಿಲ್ಲ. ಚಪ್ಪಲಿ ಬಿಟ್ಟು, ತೋಳು ಮಡಚಿ, ಜಗಲಿಯ ಮೇಲೆ ಕೂತು ತಾವೂ ಹುಣಸೆಹಣ್ಣು ಬಿಡಿಸತೊಡಗಿದರು. ನನ್ನನ್ನೂ ಕೂರಿಸಿದರು. ಬೆಳಿಗ್ಗೆಯಿಂದ ಸಂಜೆವರೆಗೆ! ಅಧಿಕಾರಿಯ ಮುಂದೆ ಸೋಲಬಾರದೆಂದು ಆ ಹೆಂಗಸರು ಕೈ ನಿಲ್ಲಿಸಲಿಲ್ಲ. ಮಧ್ಯಾಹ್ನ ಮುದ್ದೆ, ಉಪ್ಪುಸಾರು ಹಾಕಿದರು. ಸಂಜೆ ತಕ್ಕಡಿ ತರಿಸಿ ತೂಗಿದಾಗ ಅವಳದು ಎಂಟು ಕೆಜಿ. ಸುತ್ತಲಿನವರದೂ ಹೆಚ್ಚು ಕಡಿಮೆ ಅಷ್ಟೇ. ಸಾಹೇಬರದು ಒಂದೂ ಕಾಲು, ಅದರಲ್ಲೂ ಬೀಜ ಉಳಿದಿತ್ತು. ವ್ಯಾಪಾರಿ ಕೊಡುವುದು ಕೆಜಿಗೆ ಒಂದೂವರೆ. ಅಂದರೆ ಹನ್ನೆರಡು ರೂಪಾಯಿ. ಗಂಡಸರ ದುಡಿಮೆಯೂ ಅದರ ಆಸುಪಾಸಿನಲ್ಲೇ ಇತ್ತು.

ಸರ್ಕಾರಿ ಕೂಲಿಯ ಅರ್ಧ. ಎಂಟು ಲಕ್ಷದ ಜಾಗದಲ್ಲಿ ನಾಲ್ಕು, ಖರ್ಚು ಒಟ್ಟು ಇಪ್ಪತ್ತನಾಲ್ಕು, ಮಿಕ್ಕದ್ದು ಮೂರು ಲಕ್ಷ. ರಸ್ತೆ ಉಳಿಯಿತು. ನಾನು ಬಾಯಿಬಿಟ್ಟು ಹೇಳಿಬಿಟ್ಟೆ, ನಿಮ್ಮ ಕೂಲಿ ಅರ್ಧ ಬರೆದರೆ ಸಾಕು ಎಂದು. ಅವಳ ಮುಖ ಕೆಂಪೇರಿತು. ಸಾಹೇಬರು ನಿಧಾನವಾಗಿ ಬಿಡಿಸಿ ಹೇಳಿದರು: ಕೈಗೆ ಇಪ್ಪತ್ತನಾಲ್ಕೂ ಬರುತ್ತದೆ, ಅರ್ಧ ಎನ್ನುವುದು ನೀನು ರಸ್ತೆಗೆ ಬಂದರೆ ಬಿಟ್ಟುಬರುವ ಕೆಲಸದ ಬೆಲೆ. ಕೆಲಸ ಆಲೂಗೆಡ್ಡೆ ಬಿತ್ತನೆಗೆ ಮುಂಚೆ ಮುಗಿಯಬೇಕು, ಬಿತ್ತನೆಯಲ್ಲಿ ನಿನ್ನ ಕೈಗೆ ಬೆಲೆ ಹೆಚ್ಚು, ಆಗ ಈ ಲೆಕ್ಕ ನಡೆಯದು.

ಅವಳು ತಕ್ಕಡಿಯನ್ನೇ ನೋಡುತ್ತಾ ಕೇಳಿದಳು. "ಅಂಗಾರೆ ನಾನೇಳಿದ್ದೇ ಬರ್ಕಂಡಿದ್ರೆ ರಸ್ತೆ ಓಗ್ತಿತ್ತಾ ಸಾ?"

"ಹೋಗ್ತಿತ್ತು ಕಣಮ್ಮ."

"ಮತ್ತೆ ಈ ಮೇಡಮ್ಮೋರು ಮೊದ್ಲು ಏನ್ ಬರ್ದಿದ್ರು?"

ಸಾಹೇಬರು ನನ್ನ ಕಡೆ ನೋಡಿದರು. ಸೊನ್ನೆ ಎಂದು ನಾನೇ ಹೇಳಬೇಕಾಯಿತು. ಅವಳು ಅಂಟಂಟಾದ ತನ್ನ ಕೈಗಳನ್ನು ನನ್ನ ಮುಂದೆ ಹಿಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ವಾಪಸ್ಸು ಬರುವಾಗ ಸಾಹೇಬರು ಅಂದದ್ದು ಇಷ್ಟೇ, ಸೊನ್ನೆ ಹಾಕಿದ್ದರೂ ರಸ್ತೆ ಆಗುತ್ತಿತ್ತು, ಆದರೆ ಅವಳ ಬೇಸಿಗೆಗೆ ಬೆಲೆಯಿಲ್ಲ ಎಂದು ಸರ್ಕಾರದ ಕಾಗದದಲ್ಲಿ ಉಳಿದುಬಿಡುತ್ತಿತ್ತು. ಆವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ಕೋಪ ಬಂದದ್ದೇ ಇಲ್ಲ ಎಂದರೆ ಸುಳ್ಳಾದೀತು, ಆದರೆ ಪ್ರೀತಿಯೇ ಹೆಚ್ಚಾಯಿತು.

ರಸ್ತೆ ಮರುವರ್ಷದ ಬೇಸಿಗೆಯಲ್ಲೇ ಮುಗಿಯಿತು, ಬಸ್ಸೂ ಬಂತು. ಅವತ್ತಿನಿಂದ ಪ್ರತಿ ಬೇಸಿಗೆ ಆ ಹೆಂಗಸು ಕಂಡಕ್ಟರನ ಕೈಯಲ್ಲಿ ಸಾಹೇಬರಿಗೆ ಎಲೆಯಲ್ಲಿ ಕಟ್ಟಿದ ಒಂದು ಹುಣಸೆಹಣ್ಣಿನ ಉಂಡೆ ಕಳಿಸುತ್ತಿದ್ದಳು. ಸಾಹೇಬರು ನಿವೃತ್ತರಾಗಿ ಹೊಳೆನರಸೀಪುರದ ಮನೆ ಸೇರಿದ ಮೇಲೂ ಅದು ತಪ್ಪಲಿಲ್ಲ.

ರಸ್ತೆಗೆ ಹತ್ತು ವರ್ಷವಾದಾಗ ನಾನು ಅವರ ಮನೆಗೆ ಹೋಗಿದ್ದೆ. ನಾನಿದ್ದಾಗಲೇ ಉಂಡೆ ಬಂತು. ಹತ್ತನೇ ವರ್ಷದ ಲಾಭ ಅಲ್ಲವೇ ಸಾರ್, ನಮ್ಮ ಲೆಕ್ಕದ ಪ್ರಕಾರ ಇದಕ್ಕೆ ರೂಪಾಯಿಗೆ ಮೂವತ್ತೆರಡೇ ಪೈಸೆ ಎಂದು ಕೆಣಕಿದೆ.

ಅವರು ಎಲೆ ಬಿಚ್ಚಿ ಮೂಸಿದರು. ಉಂಡೆಯನ್ನು ಬೆರಳಿನಿಂದ ಒತ್ತಿ ಒತ್ತಿ ಹುಡುಕಿದರು. ಒಂದು ಬೀಜವೂ ಇರಲಿಲ್ಲ.

"ಮೂವತ್ತೆರಡು ಅನ್ನೋದು ಹೊರಡೋ ದಿನ ನಿಂತು ನೋಡಿದ ಬೆಲೆ ಕಣಮ್ಮ. ಇವತ್ತು ಆ ಹತ್ತನೇ ವರ್ಷ ಬಂದುಬಿಟ್ಟಿದೆ. ಪೂರ್ತಿ ನೂರು ಪೈಸೆ."

ಉಂಡೆಯನ್ನು ಎರಡು ಭಾಗ ಮಾಡಿ, ದೊಡ್ಡದನ್ನು ನನ್ನ ಚೀಲಕ್ಕೆ ಹಾಕಿದರು.